ಬಾರಾ ಬಿದ್ದರೆ

ಮಗ ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ಸರ್ವಮಂಗಳಾ ಮತ್ತು ನಾಗರಾಜುವಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಹೇಳಿ ಕಳುಹಿಸಲು ಮನೆಯಲ್ಲಿ ಯಾರೂ ಇರಲಿಲ್ಲ. "ನಿಮ್ಮಪ್ಪನನ್ನು ಊಟಕ್ಕೆ ಕರೆ", "ನಿಮ್ಮಮ್ಮನಿಗೆ ಹೇಳು, ನಾಳೆ ನಲ್ಲಿ ನೀರು ಬರುವುದಿಲ್ಲವಂತೆ" ಎಂದು ಇಪ್ಪತ್ತು ವರ್ಷ ಆ ಮನೆಯ ಮಾತೆಲ್ಲ ಮಕ್ಕಳ ಬಾಯಿಂದಲೇ ಓಡಾಡಿತ್ತು. ಮಗಳು ಮದುವೆಯಾಗಿ ಹಾಸನ ಸೇರಿದ ಮೇಲೆ ಆ ಕೆಲಸ ಪೂರ್ತಿ ಮಗನ ಪಾಲಿಗೆ ಬಂದಿತ್ತು. ಈಗ ಅವನೂ ಇಲ್ಲ. ಮೊದಲ ರಾತ್ರಿ ಸರ್ವಮಂಗಳಾ ಯಾರನ್ನು ಕೂಗುವುದೆಂದು ತಿಳಿಯದೆ ತಟ್ಟೆಯನ್ನು ನೆಲಕ್ಕೆ ಸ್ವಲ್ಪ ಜೋರಾಗಿಯೇ ಇಟ್ಟಳು. ಸದ್ದು ಕೇಳಿ ನಾಗರಾಜು ಬಂದು ಕುಳಿತ. ಹಾಗೆಯೇ ಒಂದಷ್ಟು ದಿನ ತಟ್ಟೆಯ ಸದ್ದಿನಲ್ಲೇ ಸಂಸಾರ ನಡೆಯಿತು.

ಜಗಳವಿತ್ತೆಂದಲ್ಲ. ಜಗಳವಾಡಲೂ ಎರಡು ಮಾತು ಬೇಕಲ್ಲ.

ಆಯುಧಪೂಜೆಗೆಂದು ಅಟ್ಟ ಗುಡಿಸುವಾಗ ಹಳೆಯ ಕುಂಕುಮದ ಭರಣಿಯಲ್ಲಿ ಅವಳ ತಾಯಿಯ ನಾಲ್ಕು ಕವಡೆ ಸಿಕ್ಕವು. ಅಂದು ಸಂಜೆ ಅವನು ಕಚೇರಿಯಿಂದ ಬಂದಾಗ ನಡುಮನೆಯಲ್ಲಿ ಬಳಪದಿಂದ ಚೌಕಾಬಾರದ ಮನೆ ಬರೆದಿತ್ತು. ಹುಣಸೆ ಬೀಜ ಅವಳಿಗೆ, ಅವರೆ ಬೀಜ ಅವನಿಗೆ.

"ನನಗೆ ಬರುವುದಿಲ್ಲ," ಎಂದ.

"ಮಂಡ್ಯದಲ್ಲಿ ಹುಟ್ಟಿ ಚೌಕಾಬಾರ ಬರುವುದಿಲ್ಲವೇ? ಕುಳಿತುಕೊಳ್ಳಿ."

ಬರುತ್ತಿತ್ತು. ಎರಡನೆಯ ಗರಕ್ಕೇ ಅವಳಿಗೆ ಗೊತ್ತಾಯಿತು. ಕವಡೆಯನ್ನು ಅಂಗೈಯಲ್ಲಿ ಉಜ್ಜಿ ಊದಿ ಹಾಕುವ ಪರಿಯೇ ಪಳಗಿದ ಕೈಯದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅವನು ಹೊಡೆಯುವ ಅವಕಾಶ ಬಂದರೂ ಕಾಯನ್ನು ಸುಮ್ಮನೆ ಮುಂದೆ ನಡೆಸುತ್ತಿದ್ದ.

"ಹೊಡೆಯಿರಿ. ಬಿಟ್ಟುಕೊಟ್ಟರೆ ನನಗೆ ಕೋಪ ಬರುತ್ತದೆ," ಎಂದಳು. ಅವನು ಹೊಡೆದ. ಆಗಲೂ ಅವಳಿಗೆ ಕೋಪ ಬಂತು.

ಮರುದಿನದಿಂದ ಪಂದ್ಯಕ್ಕೆ ಬಾಜಿ ಸೇರಿತು. ಸೋತವರು ಪಾತ್ರೆ ತೊಳೆಯಬೇಕು. ಒಂದು ದಿನ ಸರ್ವಮಂಗಳಾ ಬಾಜಿ ಏರಿಸಿದಳು: "ನಾನು ಗೆದ್ದರೆ ನಿಮ್ಮ ನಾಲೆ ತೋರಿಸಬೇಕು."

ಅವನು ನೀರಾವರಿ ಇಲಾಖೆಯವನು. ಮದುವೆಯಾದಾಗಿನಿಂದ ಅವಳು ಕೇಳಿದ್ದೆಲ್ಲ ನಾಲೆಯ ದೂರುಗಳನ್ನೇ: ಕೊನೆಯ ಭಾಗಕ್ಕೆ ನೀರು ತಲುಪಿಲ್ಲ, ತೂಬು ಕಿತ್ತಿದ್ದಾರೆ, ರೈತರು ಬಂದು ಕುಳಿತಿದ್ದಾರೆ. "ಅದರಲ್ಲಿ ನೋಡುವುದೇನಿದೆ?" ಎಂದ. ಅಷ್ಟರಲ್ಲಿ ಅವಳ ಕೊನೆಯ ಕಾಯಿ ಹಣ್ಣಾಗಿತ್ತು.

ಭಾನುವಾರ ಸ್ಕೂಟರಿನಲ್ಲಿ ಹುಲಿಕೆರೆಗೆ ಹೋದರು. ಗುಡ್ಡದೊಳಗೆ ನೀರು ನುಗ್ಗುವ ಸುರಂಗದ ಹತ್ತಿರ ನಿಂತದ್ದೇ ತಡ, ನಾಗರಾಜುವಿನ ಬಾಯಿ ಬಿಚ್ಚಿಕೊಂಡಿತು. ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಬರಲು ಈ ಏರು ಅಡ್ಡವಿತ್ತು, ಅದಕ್ಕೇ ಕೊರೆದರು, ಆಗ ಇದಕ್ಕೆ ಇರ್ವಿನ್ ನಾಲೆಯೆಂದು ಹೆಸರು, ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಆಮೇಲೆ, ಇದು ಬರದಿದ್ದರೆ ಕಬ್ಬೆಲ್ಲಿ, 1933ರ ಆ ಸಕ್ಕರೆ ಕಾರ್ಖಾನೆಯೆಲ್ಲಿ, "ನಿಮ್ಮ ತಾತ ಇನ್ನೂ ಮಳೆ ನೋಡಿಕೊಂಡು ರಾಗಿ ಬಿತ್ತುತ್ತಿರಬೇಕಿತ್ತು." ಕೈ ಬೀಸಿ, ಬಗ್ಗಿ, ಇಳಿಜಾರು ತೋರಿಸಿ ಹೇಳುತ್ತಲೇ ಇದ್ದ. ಅವಳಿಗೆ ಅರ್ಧ ಅರ್ಥವಾಗಲಿಲ್ಲ. ಆದರೆ ಈ ಮನುಷ್ಯ ಇಷ್ಟು ವರ್ಷ ಎಲ್ಲಿದ್ದ ಎಂದು ಅವನ ಮುಖವನ್ನೇ ನೋಡುತ್ತ ನಿಂತಳು.

"ಮನೆಯಲ್ಲಿ ಇದೆಲ್ಲ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

"ಕೇಳಿದರೂ ನೀವು ಮಾತನ್ನು ಕಟ್ಟು ಪದ್ಧತಿಯಲ್ಲೇ ಬಿಡುತ್ತಿದ್ದಿರಿ. ನಾಲ್ಕು ದಿನ ಹರಿಸಿ ಹತ್ತು ದಿನ ಬಂದ್."

ನಾಗರಾಜು ಗೊಳ್ಳೆಂದು ನಕ್ಕ. ಆ ಬೈಗುಳ ಕಚೇರಿಯಲ್ಲಿ ರೈತರಿಂದ ದಿನವೂ ಕೇಳುವಂಥದೇ, ಆದರೆ ಯಾರೂ ಇಷ್ಟು ಚೆನ್ನಾಗಿ ಬೈದಿರಲಿಲ್ಲ. ಬರುವಾಗ ಶ್ರೀರಂಗಪಟ್ಟಣದಲ್ಲಿ ಕಾಫಿ ಕುಡಿದರು. ಅವಳಿಗೆ ಸಕ್ಕರೆ ಕಡಿಮೆ ಬೇಕೆಂದು ಅವನಿಗೆ ಗೊತ್ತಾದದ್ದು ಅಲ್ಲಿ. ಮನೆಯಲ್ಲಿ ಇಷ್ಟು ಕಾಲ ಅವನ ರುಚಿಗೆ ಬೆರೆಸಿದ ಕಾಫಿಯನ್ನೇ ಅವಳೂ ಕುಡಿದಿದ್ದಳು. ಅವನು ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಎರಡು ಲೋಟಗಳಿಗೆ ಬೇರೆ ಬೇರೆಯಾಗಿ ಬೆರೆಸಿಟ್ಟಿದ್ದ.

ಸಂಜೆ ಮತ್ತೆ ಕವಡೆ ಉರುಳಿದವು. ನಾಲ್ಕೂ ಬೋರಲು.

"ಬಾರಾ!" ಎಂದಳು ಸರ್ವಮಂಗಳಾ.

"ಎಲ್ಲಿ ಬಾರಾ? ಆ ಕವಡೆ ಗೋಡೆಗೆ ಒರಗಿಕೊಂಡಿದೆ. ಲೆಕ್ಕಕ್ಕಿಲ್ಲ."

"ಒರಗಿಲ್ಲ, ಬಗ್ಗಿ ನೋಡಿ. ಈ ಆಟ ನಾನು ಗೆದ್ದರೆ ರಾತ್ರಿಯ ಮುದ್ದೆ ನೀವು ತಿರುವಬೇಕು."

"ಗಂಟು ಕಟ್ಟಿದರೆ?"

"ಕಟ್ಟಿದ್ದನ್ನು ನೀವೇ ತಿನ್ನಿ."

"ಹಾಗಾದರೆ ಅದು ಬಾರಾ ಅಲ್ಲವೇ ಅಲ್ಲ," ಎಂದು ನಾಗರಾಜು ಕವಡೆಗಳನ್ನು ಬಾಚಿಕೊಂಡ. "ಇನ್ನೊಮ್ಮೆ ಹಾಕು."