ಒಂದೇ ಕೋಣೆ, ಒಂದೇ ಉಷ್ಣತೆ: ಆದರೂ ಕಬ್ಬಿಣ ಯಾಕೆ ತಣ್ಣಗೆ?

ಬೆಳಗಿನ ಜಾವ ಬಾಗಿಲಿನ ಮರದ ಹಲಗೆಯನ್ನು ಮುಟ್ಟಿ, ಆಮೇಲೆ ಅದರದೇ ಕಬ್ಬಿಣದ ಚಿಲಕ ಮುಟ್ಟಿ ನೋಡಿ. ಚಿಲಕ ಚುರ್ರೆನ್ನುವಷ್ಟು ತಣ್ಣಗಿರುತ್ತದೆ. ಆದರೆ ಥರ್ಮಾಮೀಟರ್ ಹಿಡಿದರೆ ಎರಡೂ 20 ಡಿಗ್ರಿಯೇ! ರಾತ್ರಿಯಿಡೀ ಒಂದೇ ಗಾಳಿಯಲ್ಲಿದ್ದ ಮೇಲೆ ಬೇರೆ ಇರುವುದಾದರೂ ಹೇಗೆ?

ಸುಳ್ಳು ಹೇಳುತ್ತಿರುವುದು ನಮ್ಮ ಬೆರಳು. ಸುಳ್ಳು ಅನ್ನುವುದೂ ಅನ್ಯಾಯವೇ. ನಾವು ಕೇಳದ ಪ್ರಶ್ನೆಗೆ ಅದು ಉತ್ತರ ಕೊಡುತ್ತಿದೆ. ಚರ್ಮಕ್ಕೆ ತಿಳಿಯುವುದು ವಸ್ತುವಿನ ಉಷ್ಣತೆಯಲ್ಲ, ತನ್ನದೇ ಉಷ್ಣತೆ. ಬೆರಳು ಸುಮಾರು 30 ಡಿಗ್ರಿ ಬೆಚ್ಚಗಿದೆ ಅನ್ನಿ. ಮುಟ್ಟಿದೊಡನೆ ಶಾಖ ಚಿಲಕಕ್ಕೆ ಹರಿಯುತ್ತದೆ. ಕಬ್ಬಿಣ ಅದನ್ನು ಸರಸರನೆ ಒಳಕ್ಕೆ ಸಾಗಿಸಿ ಮತ್ತೆ ಕೈಚಾಚುತ್ತದೆ. ಬೆರಳು ತಣ್ಣಗಾಗುತ್ತದೆ. ಮರದಲ್ಲಿ ಹಾಗಲ್ಲ: ಶಾಖ ಮುಟ್ಟಿದ ಜಾಗದಲ್ಲೇ ತಂಗುತ್ತದೆ, ಆ ಚೂರು ಬೇಗ ಬೆಚ್ಚಗಾಗಿ ಮುಂದಿನ ಹರಿವನ್ನು ತಡೆಯುತ್ತದೆ. ಶಾಖವನ್ನು ಹೀಗೆ ಸಾಗಿಸುವ ಗುಣಕ್ಕೆ ಉಷ್ಣವಾಹಕತೆ ಎಂದು ಹೆಸರು. ಕಬ್ಬಿಣದ್ದು ಮರಕ್ಕಿಂತ ನೂರಾರು ಪಟ್ಟು ಹೆಚ್ಚು.

ನಂಬಿಕೆ ಬರಲಿಲ್ಲವೇ? ಒಂದೇ ಅಳತೆಯ ಎರಡು ಐಸ್ ತುಂಡುಗಳನ್ನು ದಪ್ಪ ಲೋಹದ ಪಾತ್ರೆಯ ಮೇಲೊಂದು, ಮರದ ಹಲಗೆಯ ಮೇಲೊಂದು ಇಡಿ. ‘ತಣ್ಣಗಿನ’ ಲೋಹದ ಮೇಲಿನದೇ ಮೊದಲು ಕರಗುತ್ತದೆ. ಇನ್ನು ಸುಡುಬಿಸಿಲಲ್ಲಿ ಕಾದ ಚಿಲಕ? ಹರಿವು ತಿರುಗುಮುರುಗು, ಹಲಗೆಗಿಂತ ಅದೇ ಹೆಚ್ಚು ಸುಡುತ್ತದೆ.