ಎಣಿಕೆಪದಗಳನ್ನು ಹೊಂದಿಸಿ: ಜಪಾನಿ ಮತ್ತು ಕೊರಿಯನ್ ಅಭ್ಯಾಸ ಹಾಳೆ

ಜಪಾನಿ ಮತ್ತು ಕೊರಿಯನ್ ಭಾಷೆಗಳ ಮೊದಲ ಹಂತವನ್ನು ಕನ್ನಡದ ಮೂಲಕ ಕಲಿಯುತ್ತಿರುವ, ಎರಡೂ ಭಾಷೆಗಳಲ್ಲಿ ಹತ್ತರವರೆಗೆ ಎಣಿಸಲು ಬರುವ ವಾರಾಂತ್ಯದ ತರಗತಿಯವರಿಗಾಗಿ ಈ ಹಾಳೆಯನ್ನು ಸಿದ್ಧಪಡಿಸಲಾಗಿದೆ. ಮೊದಲು ಪ್ರಶ್ನೆಗಳಿಗೆ ಪೆನ್ಸಿಲಿನಲ್ಲಿ ಉತ್ತರ ಬರೆದುಕೊಂಡು, ಆಮೇಲೆ ಕೊನೆಯಲ್ಲಿರುವ ಉತ್ತರಗಳನ್ನು ವಿವರಣೆಯ ಸಮೇತ ಓದಬೇಕು.

ಕನ್ನಡದಲ್ಲಿಯೂ ನಾವು ಮಲ್ಲಿಗೆಯನ್ನು ಮೊಳದಲ್ಲಿ, ಸೊಪ್ಪನ್ನು ಕಟ್ಟಿನಲ್ಲಿ, ಬಾಳೆಹಣ್ಣನ್ನು ಚಿಪ್ಪಿನಲ್ಲಿ ಕೇಳುತ್ತೇವೆ. ಆದರೆ ಮೂರು ಪುಸ್ತಕ, ನಾಲ್ಕು ನಾಯಿ ಎನ್ನುವಾಗ ಸಂಖ್ಯೆಯೊಂದೇ ಸಾಕಾಗುತ್ತದೆ. ಜಪಾನಿ ಮತ್ತು ಕೊರಿಯನ್ ಭಾಷೆಗಳಲ್ಲಿ ಸಾಮಾನ್ಯವಾಗಿ ಅಷ್ಟು ಸಾಲದು. ಎಣಿಸುವ ವಸ್ತು ಚಪ್ಪಟೆಯೋ ಉದ್ದವೋ, ಪ್ರಾಣಿ ದೊಡ್ಡದೋ ಚಿಕ್ಕದೋ, ವ್ಯಕ್ತಿಗೆ ಗೌರವ ಸಲ್ಲಬೇಕೋ ಬೇಡವೋ ಎಂಬುದನ್ನು ಗಮನಿಸಿ, ಸಂಖ್ಯೆಯ ಬೆನ್ನಿಗೇ ಒಂದು ಎಣಿಕೆಪದವನ್ನು ಇಡಬೇಕಾಗುತ್ತದೆ.

ಭಾಗ ಒಂದು: ಜಪಾನಿನಲ್ಲಿ ಜೀವಿಗಳು

ಈ ಭಾಗಕ್ಕೆ ಬೇಕಾದ ಎಣಿಕೆಪದಗಳು ಐದು. ಮನುಷ್ಯರಿಗೆ ‘ನಿನ್’, ಚಿಕ್ಕ ಪ್ರಾಣಿ, ಮೀನು ಹಾಗೂ ಕೀಟಗಳಿಗೆ ‘ಹಿಕಿ’, ದೊಡ್ಡ ಪ್ರಾಣಿಗಳಿಗೆ ‘ತೋ’, ಹಕ್ಕಿಗಳಿಗೆ ‘ವ’, ಮತ್ತು ಲೋಟದಲ್ಲಿ ಅಥವಾ ಬಟ್ಟಲಿನಲ್ಲಿ ತುಂಬಿದ್ದಕ್ಕೆ ‘ಹೈ’. ಕೊನೆಯದು ಪಾನೀಯದ ಎಣಿಕೆಪದವಾಗಿದ್ದರೂ ಜೀವಿಗಳ ಪಟ್ಟಿಯಲ್ಲಿ ಬೇಕೆಂದೇ ಸೇರಿಸಲಾಗಿದೆ.

ಕೆಳಗಿನ ಪ್ರತಿಯೊಂದಕ್ಕೂ ಸರಿಯಾದ ಎಣಿಕೆಪದವನ್ನು ಆರಿಸಿ, ಸಂಖ್ಯೆಯೊಂದಿಗೆ ಸೇರಿಸಿ, ಉಚ್ಚಾರಣೆಯಲ್ಲಾಗುವ ಬದಲಾವಣೆಯ ಸಹಿತ ಬರೆಯಿರಿ.

1. ಮೃಗಾಲಯದ ಎರಡು ಆನೆಗಳು
2. ಗೋಡೆಯ ಮೇಲೆ ಕುಳಿತ ಮೂರು ಬೆಕ್ಕುಗಳು
3. ವಿದ್ಯುತ್ ತಂತಿಯ ಮೇಲಿನ ಒಂದು ಕಾಗೆ
4. ಶಾಲೆಯಲ್ಲಿ ಸಾಕಿದ ಎರಡು ಮೊಲಗಳು
5. ನಾರಾ ಪಟ್ಟಣದ ಉದ್ಯಾನದಲ್ಲಿ ಅಡ್ಡಾಡುವ ನಾಲ್ಕು ಜಿಂಕೆಗಳು
6. ತೊಟ್ಟಿಯಲ್ಲಿನ ಆರು ಚಿನ್ನದ ಮೀನುಗಳು
7. ಮೃಗಾಲಯದ ಇಬ್ಬರು ಕೆಲಸಗಾರರು
8. ಮೀನಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಒಂದು ಸ್ಕ್ವಿಡ್ (ನಮ್ಮ ಕರಾವಳಿಯವರ ಬೊಂಡಾಸ್)
9. ಕೀಟತಜ್ಞರ ವರದಿಯಲ್ಲಿ ದಾಖಲಾದ ಐದು ಚಿಟ್ಟೆಗಳು

ಹೆಚ್ಚಿನ ಪ್ರಶ್ನೆ: ಒಂದೇ ಟ್ಯೂನಾ ಮೀನು ಸಮುದ್ರದಲ್ಲಿ ಈಜುವಾಗ, ಮಾರುಕಟ್ಟೆಯ ಹರಾಜಿನಲ್ಲಿ ಇಡಿಯಾಗಿ ಮಲಗಿರುವಾಗ, ಮತ್ತು ಸುಶಿಯ ಒಂದು ತುತ್ತಾಗಿ ತಟ್ಟೆಗೆ ಬಂದಾಗ ಎಣಿಕೆಪದ ಮೂರು ಸಲ ಬದಲಾಗುತ್ತದೆ. ‘ಇಕ್ಕನ್’, ‘ಇಪ್ಪಿಕಿ’, ‘ಇಪ್ಪೊನ್’ ಎಂಬ ಮೂರನ್ನು ಆ ಮೂರು ಸ್ಥಿತಿಗಳಿಗೆ ಹೊಂದಿಸಿ.

ಭಾಗ ಎರಡು: ಕೊರಿಯನ್‌ನಲ್ಲಿ ಮನುಷ್ಯರು ಮತ್ತು ಪ್ರಾಣಿಗಳು

ಪ್ರಾಣಿಗಳ ವಿಷಯದಲ್ಲಿ ಕೊರಿಯನ್ ಬಹಳ ಉದಾರವಾಗಿದೆ. ಇರುವೆಯಿಂದ ಆನೆಯವರೆಗೆ, ಕೋಳಿಯಿಂದ ತಿಮಿಂಗಿಲದವರೆಗೆ ಎಲ್ಲಕ್ಕೂ ‘ಮರಿ’ ಎಂಬ ಒಂದೇ ಎಣಿಕೆಪದ ನಡೆಯುತ್ತದೆ. ಕನ್ನಡಿಗರಿಗೆ ಇದನ್ನು ನೆನಪಿಡುವುದು ಸುಲಭ, ಆದರೆ ವಯಸ್ಸಾದ ಕೋಣವೂ ಅಲ್ಲಿ ಮರಿಯೇ ಎಂಬುದನ್ನು ಮರೆಯಬಾರದು. ಕಷ್ಟವಿರುವುದು ಮನುಷ್ಯರನ್ನು ಎಣಿಸುವಲ್ಲಿ. ‘ಸರಮ್’ ಎಂಬುದು ಸರಳ ಮಾತುಕತೆಗೆ, ‘ಮ್ಯೊಂಗ್’ ಎಂಬುದು ಸಾಮಾನ್ಯ ಎಣಿಕೆಗೆ, ‘ಬುನ್’ ಎಂಬುದು ಗೌರವ ಸಲ್ಲಬೇಕಾದವರಿಗೆ ಬಳಕೆಯಾಗುತ್ತದೆ.

ಈ ಎಣಿಕೆಪದಗಳ ಮುಂದೆ ದೇಶೀಯ ಸಂಖ್ಯೆಗಳು ಬರುತ್ತವೆ, ಮತ್ತು ಅವುಗಳಲ್ಲಿ ಮೊದಲ ನಾಲ್ಕು ತಮ್ಮ ರೂಪವನ್ನು ಮೊಟಕುಗೊಳಿಸಿಕೊಳ್ಳುತ್ತವೆ: ‘ಹನ’ ಎಂಬುದು ‘ಹನ್’ ಆಗುತ್ತದೆ, ‘ದುಲ್’ ಎಂಬುದು ‘ದು’, ‘ಸೆತ್’ ಎಂಬುದು ‘ಸೆ’, ‘ನೆತ್’ ಎಂಬುದು ‘ನೆ’. ಇಪ್ಪತ್ತು ಎಂಬರ್ಥದ ‘ಸುಮುಲ್’ ಕೂಡ ‘ಸುಮು’ ಆಗುತ್ತದೆ.

ಸರಿಯಾದ ಎಣಿಕೆಪದವನ್ನು ಆರಿಸಿ ಸಂಖ್ಯೆಯೊಂದಿಗೆ ಬರೆಯಿರಿ.

10. ತರಗತಿಯ ಮೂವರು ವಿದ್ಯಾರ್ಥಿಗಳು
11. ಇಬ್ಬರು ಶಿಕ್ಷಕರು
12. ಒಂದು ನಾಯಿಮರಿ ಮತ್ತು ನಾಲ್ಕು ಕೋಳಿಗಳು
13. ಸಭೆಗೆ ಬಂದ ಇಪ್ಪತ್ತು ಜನ ನೌಕರರು
14. ಸೋಲ್ ನಗರದ ಒಂದು ಊಟದ ಮನೆಯ ಬಾಗಿಲಲ್ಲಿ ಸಿಬ್ಬಂದಿ “ಮ್ಯೊತ್ ಬುನಿಸೆಯೊ?” ಎಂದು ಕೇಳುತ್ತಾರೆ. ನೀವು ನಾಲ್ವರಿದ್ದೀರಿ. “ನೆ ಬುನಿಯೊ”, “ನೆ ಮ್ಯೊಂಗಿಯೊ”, “ನೆ ಮರಿಯೊ” ಇವುಗಳಲ್ಲಿ ಯಾವುದನ್ನು ಹೇಳಬೇಕು?
15. ‘ಸೆ ಬುನ್’ ಮತ್ತು ‘ಸಮ್ ಬುನ್’ ಇವೆರಡರ ಅರ್ಥವನ್ನು ಬೇರೆ ಬೇರೆಯಾಗಿ ಬರೆಯಿರಿ.

ಭಾಗ ಮೂರು: ಒಂದು ವಸ್ತು, ಎರಡು ಭಾಷೆ

ಕೆಳಗೆ ಹತ್ತು ವಸ್ತುಗಳಿವೆ. ಪ್ರತಿಯೊಂದಕ್ಕೂ ಮೊದಲ ಗುಂಪಿನಿಂದ ಜಪಾನಿ ಎಣಿಕೆಪದವನ್ನೂ ಎರಡನೆಯ ಗುಂಪಿನಿಂದ ಕೊರಿಯನ್ ಎಣಿಕೆಪದವನ್ನೂ ಆರಿಸಿಕೊಂಡು, ಸಂಖ್ಯೆಯೊಂದಿಗೆ ಎರಡು ಉತ್ತರಗಳನ್ನು ಬರೆಯಬೇಕು. ಜಪಾನಿ ಗುಂಪಿನ ಒಂದು ಪದವನ್ನು ಮೂರು ಸಲ ಬಳಸಬೇಕಾಗುತ್ತದೆ.

ಜಪಾನಿ ಗುಂಪು: ಮೈ, ಸೊಕು, ಹೊನ್, ಚೋ, ದೈ, ಸತ್ಸು, ಚಕು, ಹೈ.

ಕೊರಿಯನ್ ಗುಂಪು: ಗುರು, ಜನ್, ಬೊಲ್, ಗ್ವೊನ್, ಸೊಂಗಿ, ಜರು, ಮೊ, ದೆ, ಕ್ಯೊಲ್ಲೆ, ಜಂಗ್.

16. ಎರಡು ಪೆನ್ಸಿಲ್
17. ಮೂರು ಪುಸ್ತಕ
18. ಐದು ಹಾಳೆ ಕಾಗದ
19. ಒಂದು ಸೈಕಲ್
20. ಎರಡು ಜೊತೆ ಬೂಟು
21. ಒಂದು ಲೋಟ ಚಹಾ
22. ಆರು ಗುಲಾಬಿ ಹೂ
23. ಮೂರು ಮರ
24. ಒಂದು ತುಂಡು ತೋಫು
25. ಒಂದು ಸೂಟು

ಭಾಗ ನಾಲ್ಕು: ತಪ್ಪನ್ನು ತಿದ್ದಿ

ಪ್ರತಿ ವಾಕ್ಯದಲ್ಲಿಯೂ ಒಂದೇ ಒಂದು ತಪ್ಪಿದೆ. ಅದನ್ನು ಗುರುತಿಸಿ ವಾಕ್ಯವನ್ನು ಸರಿಪಡಿಸಿ.

26. ನೆಕೊ ಗ ಫುತಾರಿ ಇಮಸು. (ಎರಡು ಬೆಕ್ಕುಗಳಿವೆ.)
27. ಕಿಪ್ಪು ಒ ನಿಸತ್ಸು ಕುದಸೈ. (ಎರಡು ಟಿಕೆಟ್ ಕೊಡಿ.)
28. ಎನ್‌ಪಿತ್ಸು ಒ ಸನ್‌ಹೊನ್ ಕೈಮಶಿತ. (ಮೂರು ಪೆನ್ಸಿಲ್ ಕೊಂಡೆ.)
29. ಗಕುಸೆ ಗ ನಿನಿನ್ ಇಮಸು. (ಇಬ್ಬರು ವಿದ್ಯಾರ್ಥಿಗಳಿದ್ದಾರೆ.)
30. ಕೊಪಿ ದುಲ್ ಜನ್ ಜುಸೆಯೊ. (ಎರಡು ಕಾಫಿ ಕೊಡಿ.)
31. ಚೆಕ್ ಸಮ್ ಗ್ವೊನ್ ಜುಸೆಯೊ. (ಮೂರು ಪುಸ್ತಕ ಕೊಡಿ.)
32. ಸಮ್‌ಗ್ಯೊಪ್ಸಲ್ ದು ಇನ್‌ಬುನ್ ಜುಸೆಯೊ. (ಇಬ್ಬರಿಗಾಗುವಷ್ಟು ಹಂದಿಮಾಂಸ ಕೊಡಿ.)

ಭಾಗ ಐದು: ಕೊರಿಯಾದ ಸಂತೆಯ ಲೆಕ್ಕ

ಒಣ ಮೀನು ಮತ್ತು ತರಕಾರಿಯ ವ್ಯಾಪಾರದಲ್ಲಿ ಕೊರಿಯನ್ನರು ಒಟ್ಟು ಲೆಕ್ಕದ ಕೆಲವು ಎಣಿಕೆಪದಗಳನ್ನು ಬಳಸುತ್ತಾರೆ. ಒಂದು ‘ಸೊನ್’ ಬಂಗುಡೆಯೆಂದರೆ 2 ಮೀನು, ಒಂದು ‘ಚುಕ್’ ಒಣ ಸ್ಕ್ವಿಡ್ ಎಂದರೆ 20, ಒಂದು ‘ತೊತ್’ ಕಡಲಕಳೆಯ ಹಾಳೆಯೆಂದರೆ 100 ಹಾಳೆ, ಒಂದು ‘ಜೊಪ್’ ಬೆಳ್ಳುಳ್ಳಿಯೆಂದರೆ 100 ಗೆಡ್ಡೆ.

33. ಒಬ್ಬರು ಮೂರು ಸೊನ್ ಬಂಗುಡೆ, ಎರಡು ಚುಕ್ ಒಣ ಸ್ಕ್ವಿಡ್ ಮತ್ತು ಅರ್ಧ ಜೊಪ್ ಬೆಳ್ಳುಳ್ಳಿ ಕೊಂಡರು. ಪ್ರತಿಯೊಂದರ ಬಿಡಿ ಎಣಿಕೆ ಎಷ್ಟು? ಅಷ್ಟು ಬಂಗುಡೆಗಳನ್ನು ಸಾಮಾನ್ಯ ಎಣಿಕೆಪದದಲ್ಲಿ ಹೇಗೆ ಹೇಳುತ್ತೀರಿ?

ಉತ್ತರಗಳು ಮತ್ತು ವಿವರಣೆ

1. ನಿತೋ. 2. ಸಂಬಿಕಿ, ‘ಹಿಕಿ’ ಎಂಬುದು ಮೂರರ ಮುಂದೆ ‘ಬಿಕಿ’ ಆಗುತ್ತದೆ, ಒಂದು, ಆರು, ಎಂಟು, ಹತ್ತರ ಮುಂದೆ ‘ಪಿಕಿ’ ಆಗುತ್ತದೆ. 3. ಇಚಿವ. 4. ನಿವ. ಮೊಲವನ್ನು ಹಕ್ಕಿಯ ಎಣಿಕೆಪದದಿಂದ ಎಣಿಸುವುದು ಜಪಾನಿನ ಹಳೆಯ ರೂಢಿ. ನಾಲ್ಕು ಕಾಲಿನ ಪ್ರಾಣಿಗಳ ಮಾಂಸಕ್ಕೆ ಬೌದ್ಧ ಧರ್ಮದ ನಿಷೇಧವಿದ್ದ ಕಾಲದಲ್ಲಿ ಮೊಲವನ್ನು ಹಕ್ಕಿಯೆಂದು ಪರಿಗಣಿಸಿ ತಿನ್ನುತ್ತಿದ್ದರೆಂಬ ವಿವರಣೆ ಜನಪ್ರಿಯವಾಗಿದೆ. ಅದನ್ನು ಕಥೆಯಾಗಿ ಕೇಳಿಕೊಂಡರೆ ಸಾಕು. ಇಂದಿನ ಮಾತಿನಲ್ಲಿ ‘ನಿಹಿಕಿ’ ಎಂದರೂ ತಪ್ಪಲ್ಲ. 5. ಯೊನ್‌ತೋ. 6. ರೊಪ್ಪಿಕಿ. 7. ಫುತಾರಿ. ಒಬ್ಬರಿಗೆ ‘ಹಿತೊರಿ’, ಇಬ್ಬರಿಗೆ ‘ಫುತಾರಿ’ ಎಂಬ ವಿಶೇಷ ರೂಪಗಳಿದ್ದು, ಮೂವರಿಂದ ‘ಸನ್ನಿನ್’, ‘ಯೊನಿನ್’ ಎಂದು ‘ನಿನ್’ ಮುಂದುವರಿಯುತ್ತದೆ. ಕನ್ನಡದಲ್ಲಿ ‘ಒಬ್ಬರು, ಇಬ್ಬರು’ ಎಂಬ ರೂಪಗಳು ‘ಒಂದು, ಎರಡು’ ಎಂಬವಕ್ಕಿಂತ ಬೇರೆಯಾಗಿ ನಿಲ್ಲುವುದರಿಂದ ನಮಗಿದು ಅಪರಿಚಿತವೆನಿಸಬಾರದು. 8. ಇಪ್ಪೈ. ಆಹಾರವಾಗಿ ಮಾರುವ ಸ್ಕ್ವಿಡ್, ಆಕ್ಟೋಪಸ್ ಮತ್ತು ಏಡಿಗಳಿಗೆ ‘ಹೈ’ ಸಲ್ಲುತ್ತದೆ. ನೀರಿನಲ್ಲಿ ಜೀವಂತ ಈಜುತ್ತಿದ್ದರೆ ‘ಇಪ್ಪಿಕಿ’. 9. ಗೊತೋ. ದಿನಬಳಕೆಯಲ್ಲಿ ಚಿಟ್ಟೆಗೂ ‘ಗೊಹಿಕಿ’ ಎನ್ನುತ್ತಾರೆ, ಆದರೆ ತಜ್ಞರ ಬರಹದಲ್ಲಿ ಚಿಟ್ಟೆಯು ಆನೆಯ ಸಾಲಿಗೇ ಸೇರುತ್ತದೆ. ಈ ಪ್ರಶ್ನೆಗೆ ‘ಗೊಹಿಕಿ’ ಎಂದು ಬರೆದವರಿಗೂ ಅರ್ಧ ಅಂಕ ಕೊಟ್ಟುಕೊಳ್ಳಲು ಅಡ್ಡಿಯಿಲ್ಲ.

ಟ್ಯೂನಾ: ಈಜುವಾಗ ಇಪ್ಪಿಕಿ, ಹರಾಜಿನಲ್ಲಿ ಇಪ್ಪೊನ್, ಸುಶಿಯಾದಾಗ ಇಕ್ಕನ್.

10. ಸೆ ಮ್ಯೊಂಗ್. 11. ದು ಬುನ್. 12. ಹನ್ ಮರಿ, ನೆ ಮರಿ. 13. ಸುಮು ಮ್ಯೊಂಗ್. 14. “ನೆ ಮ್ಯೊಂಗಿಯೊ.” ಸಿಬ್ಬಂದಿ ಅತಿಥಿಗಳನ್ನು ಗೌರವಿಸಿ ‘ಬುನ್’ ಎಂದು ಕೇಳುತ್ತಾರೆ, ಅದೇ ಪದವನ್ನು ಹಿಂದಿರುಗಿಸಿದರೆ ನಮಗೆ ನಾವೇ ಗೌರವ ಸೂಚಿಸಿಕೊಂಡಂತಾಗುತ್ತದೆ, ಕನ್ನಡದಲ್ಲಿ ‘ನಾನು ದಯಮಾಡಿಸಿದ್ದೇನೆ’ ಎಂದು ಹೇಳಿಕೊಂಡ ಹಾಗೆ. ಪ್ರಶ್ನೆಯಲ್ಲಿದ್ದ ಪದವನ್ನೇ ಉತ್ತರದಲ್ಲಿ ಬಳಸುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಆದ್ದರಿಂದ ಈ ಒಂದು ಉತ್ತರವನ್ನು ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಬೇಕು. 15. ‘ಸೆ ಬುನ್’ ಎಂದರೆ ಮೂವರು ಗೌರವಾನ್ವಿತರು, ‘ಸಮ್ ಬುನ್’ ಎಂದರೆ ಮೂರು ನಿಮಿಷ. ನಿಮಿಷಕ್ಕೆ ಚೀನೀ ಮೂಲದ ಸಂಖ್ಯೆ ಬರುತ್ತದೆ, ಗಂಟೆಗೆ ದೇಶೀಯ ಸಂಖ್ಯೆ ಬರುತ್ತದೆ; ಹೀಗಾಗಿ ಮೂರು ಗಂಟೆ ಹತ್ತು ನಿಮಿಷ ಎನ್ನಲು ‘ಸೆ ಶಿ ಸಿಪ್ ಬುನ್’ ಎಂದು ಒಂದೇ ಉಸಿರಿನಲ್ಲಿ ಎರಡೂ ಸಂಖ್ಯಾಪದ್ಧತಿಗಳನ್ನು ಬಳಸಬೇಕಾಗುತ್ತದೆ.

16. ನಿಹೊನ್, ದು ಜರು. 17. ಸನ್‌ಸತ್ಸು, ಸೆ ಗ್ವೊನ್. 18. ಗೊಮೈ, ದಸೊತ್ ಜಂಗ್. 19. ಇಚಿದೈ, ಹನ್ ದೆ. 20. ನಿಸೊಕು, ದು ಕ್ಯೊಲ್ಲೆ. 21. ಇಪ್ಪೈ, ಹನ್ ಜನ್. 22. ರೊಪ್ಪೊನ್; ಯೊಸೊತ್ ಸೊಂಗಿ. 23. ಸಂಬೊನ್, ಸೆ ಗುರು. 24. ಇಚ್ಚೋ, ಹನ್ ಮೊ. 25. ಇಚ್ಚಕು, ಹನ್ ಬೊಲ್. ಪೆನ್ಸಿಲ್, ದಂಟಿನ ಸಹಿತವಾದ ಹೂ, ಮರ ಮೂರನ್ನೂ ಉದ್ದದ ವಸ್ತುಗಳೆಂದು ಕಂಡು ಜಪಾನಿ ಭಾಷೆಯು ‘ಹೊನ್’ ಬಳಸಿದರೆ, ಕೊರಿಯನ್ ಮೂರಕ್ಕೂ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದೆ. ಪ್ರಾಣಿಗಳಲ್ಲಿ ಕಂಡದ್ದಕ್ಕೆ ಇದು ತೀರಾ ವಿರುದ್ಧ.

26. ನಿಹಿಕಿ. 27. ನಿಮೈ, ಟಿಕೆಟ್ ಚಪ್ಪಟೆ, ಅದು ಪುಸ್ತಕವಲ್ಲ. 28. ಸಂಬೊನ್. 29. ಫುತಾರಿ. ಆದರೆ ಊಟದ ಪ್ರಮಾಣವನ್ನು ಹೇಳುವಾಗ ‘ನಿನಿನ್‌ಮಾಎ’ ಎಂಬ ರೂಪ ಸರಿಯಾಗಿಯೇ ಇದೆ. 30. ದು ಜನ್. 31. ಸೆ ಗ್ವೊನ್. ‘ಸಮ್ ಗ್ವೊನ್’ ಎಂದರೆ ಮಾಲಿಕೆಯೊಂದರ ಮೂರನೆಯ ಸಂಪುಟವೆಂದು ತಿಳಿದು, ಅಂಗಡಿಯವರು ಒಂದೇ ಪುಸ್ತಕ ತಂದುಕೊಟ್ಟಾರು. 32. ಇ ಇನ್‌ಬುನ್; ಊಟದ ಪಾಲಿಗೆ ಚೀನೀ ಮೂಲದ ಸಂಖ್ಯೆಯೇ ಬರಬೇಕು.

33. ಬಂಗುಡೆ 6, ಒಣ ಸ್ಕ್ವಿಡ್ 40, ಬೆಳ್ಳುಳ್ಳಿ 50 ಗೆಡ್ಡೆ. ಆರು ಬಂಗುಡೆಗೆ ‘ಯೊಸೊತ್ ಮರಿ’.