ಅಕ್ಟೋಬರ್ 2024ರ ಜರ್ನಲ್: ಎಂಎಸ್ ಶೀಟಿನ ಬೆಲೆ ವ್ಯತ್ಯಾಸ, ಖರೀದಿಯ ದಿನವೇ

ಘಟಕ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶ. ಮಾಲು: ಬ್ರ್ಯಾಕೆಟ್. ಸ್ಟ್ಯಾಂಡರ್ಡ್: ಒಂದಕ್ಕೆ 2.5 ಕಿಲೋ ಎಂಎಸ್ ಶೀಟ್, ಕಿಲೋಗೆ ₹60. ಈ ₹60ರಲ್ಲಿ ಲಾರಿ ಬಾಡಿಗೆ ಸೇರಿದೆ. ಜಿಎಸ್‌ಟಿ ಸೇರಿಲ್ಲ, ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಆರಂಭದ ಶಿಲ್ಕು ಇಲ್ಲ. ಕೂಲಿ ಮತ್ತು ಮೇಲ್ವೆಚ್ಚದ ವೋಚರುಗಳು ಬೇರೆ ಇವೆ.

ಅ. 4
ಕಚ್ಚಾ ಮಾಲು ಖಾತೆ, ಡೆಬಿಟ್ ₹3,60,000
ಮಾಲಿನ ಬೆಲೆ ವ್ಯತ್ಯಾಸ ಖಾತೆ, ಡೆಬಿಟ್ ₹15,000
ಇನ್‌ಪುಟ್ ಸಿಜಿಎಸ್‌ಟಿ, ಡೆಬಿಟ್ ₹33,750
ಇನ್‌ಪುಟ್ ಎಸ್‌ಜಿಎಸ್‌ಟಿ, ಡೆಬಿಟ್ ₹33,750
  ಸಾಲಿಗರ ಖಾತೆಗೆ, ಕ್ರೆಡಿಟ್ ₹4,42,500
6,000 ಕಿಲೋ, ಲಾರಿ ಬಾಡಿಗೆ ಸೇರಿ ₹62.50ರಂತೆ. ವ್ಯತ್ಯಾಸ 6,000 × ₹2.50, ಪ್ರತಿಕೂಲ.

ಗುಣಿಸಬೇಕಾದದ್ದು ಕೊಂಡ ತೂಕವನ್ನು, ಬಳಸಿದ ತೂಕವನ್ನಲ್ಲ. ಬಿಲ್ಲಿನ ತೂಕ ಕಾಟಾ ಚೀಟಿಗೆ ತಾಳೆಯಾದ ಮೇಲೆಯೇ ಈ ನಮೂದು ಹಾಕಬೇಕು. ಕಾಟಾದಲ್ಲಿ 15 ಕಿಲೋ ಕಡಿಮೆ ಬಂದರೆ ಅದು ಬೆಲೆ ವ್ಯತ್ಯಾಸ ಅಲ್ಲ, ಮಾರಿದವರಿಗೆ ಡೆಬಿಟ್ ನೋಟ್ ಹೋಗಬೇಕಾದ ಹಣ. ಅದನ್ನು ಬೆಲೆ ವ್ಯತ್ಯಾಸಕ್ಕೆ ತುರುಕಿದರೆ ತೂಕದ ನಷ್ಟ ಯಾರ ಕಣ್ಣಿಗೂ ಬೀಳದೆ ಮುಚ್ಚಿಹೋಗುತ್ತದೆ.

ಅ. 9
ಅರೆತಯಾರಿ ಮಾಲು ಖಾತೆ, ಡೆಬಿಟ್ ₹3,00,000
  ಕಚ್ಚಾ ಮಾಲು ಖಾತೆಗೆ, ಕ್ರೆಡಿಟ್ ₹3,00,000
2,000 ಬ್ರ್ಯಾಕೆಟ್‌ಗೆ 5,000 ಕಿಲೋ, ಇಂಡೆಂಟ್ ಪ್ರಕಾರ, ₹60ರಂತೆ.

ಸ್ಟೋರ್ಸ್ ಲೆಡ್ಜರ್ ಪೂರ್ತಿ ₹60ರಲ್ಲೇ ನಡೆಯುವುದರಿಂದ ಕೊಟ್ಟ ಶೀಟು ಯಾವ ಲಾಟಿನದು ಎಂದು ಹುಡುಕುವ ಕೆಲಸವಿಲ್ಲ. ಕಾರ್ಡಿನಲ್ಲಿ ತೂಕ ಬರೆದರೆ ಸಾಕು.

ಅ. 16
ಕಚ್ಚಾ ಮಾಲು ಖಾತೆ, ಡೆಬಿಟ್ ₹1,20,000
ಇನ್‌ಪುಟ್ ಸಿಜಿಎಸ್‌ಟಿ, ಡೆಬಿಟ್ ₹10,656
ಇನ್‌ಪುಟ್ ಎಸ್‌ಜಿಎಸ್‌ಟಿ, ಡೆಬಿಟ್ ₹10,656
  ಮಾಲಿನ ಬೆಲೆ ವ್ಯತ್ಯಾಸ ಖಾತೆಗೆ, ಕ್ರೆಡಿಟ್ ₹1,600
  ಸಾಲಿಗರ ಖಾತೆಗೆ, ಕ್ರೆಡಿಟ್ ₹1,39,712
2,000 ಕಿಲೋ, ₹59.20ರಂತೆ. ಅನುಕೂಲ ವ್ಯತ್ಯಾಸ.

ಖರೀದಿಯಲ್ಲೇ ವ್ಯತ್ಯಾಸ ಬೇರ್ಪಡಿಸುವುದರ ಬೆಲೆ ಗೊತ್ತಾಗುವುದು ಈ ನಮೂದಿನಲ್ಲಿ. ಮಾಲು ಕೊಡುವಾಗ ಬೇರ್ಪಡಿಸಿದ್ದರೆ ಮೊದಲು ಬಂದದ್ದು ಮೊದಲು ಹೋಗುವ ಕ್ರಮದಲ್ಲಿ ಅಕ್ಟೋಬರ್‌ನಲ್ಲಿ ಬಳಸಿದ 5,140 ಕಿಲೋ, ಅಂದರೆ ಮೇಲಿನ 5,000 ಮತ್ತು ಮುಂದೆ ಬರುವ 140, ಎಲ್ಲವೂ ಮೊದಲ ಲಾಟಿನಿಂದಲೇ ಹೋಗಿ ₹12,850 ಪ್ರತಿಕೂಲ ಎಂದಷ್ಟೇ ಕಾಣುತ್ತಿತ್ತು. ಖರೀದಿ ವಿಭಾಗ ಎರಡನೇ ಲಾಟಿನಲ್ಲಿ ಉಳಿಸಿದ ₹1,600 ಆ ಶೀಟು ಪ್ರೆಸ್ಸಿಗೆ ಹೋಗುವವರೆಗೂ ಹೊರಗೆ ಬರುತ್ತಿರಲಿಲ್ಲ. ದರ ಕುದುರಿಸಿದವರಿಗೆ ಅದೇ ವಾರ ಉತ್ತರ ಸಿಗಬೇಕು.

ಅ. 22
ಮಾಲಿನ ಬಳಕೆ ವ್ಯತ್ಯಾಸ ಖಾತೆ, ಡೆಬಿಟ್ ₹10,800
  ಕಚ್ಚಾ ಮಾಲು ಖಾತೆಗೆ, ಕ್ರೆಡಿಟ್ ₹10,800
ಹೆಚ್ಚುವರಿ ಇಂಡೆಂಟ್ 180 ಕಿಲೋ. ಪ್ರೆಸ್ಸಿನ ಡೈ ಸರಿಯಾಗಿ ಕೂರದೆ 56 ಬ್ರ್ಯಾಕೆಟ್ ಕೆಟ್ಟವು.

ಅ. 23
ಕಚ್ಚಾ ಮಾಲು ಖಾತೆ, ಡೆಬಿಟ್ ₹2,400
  ಮಾಲಿನ ಬಳಕೆ ವ್ಯತ್ಯಾಸ ಖಾತೆಗೆ, ಕ್ರೆಡಿಟ್ ₹2,400
ಉಳಿದ 40 ಕಿಲೋ ಒಳ್ಳೆಯ ಶೀಟು ಸ್ಟೋರ್ಸಿಗೆ ವಾಪಸ್.

ಹೆಚ್ಚುವರಿ ಇಂಡೆಂಟಿಗೆ ಬಣ್ಣ ಬೇರೆ ಇರಲಿ. ಸಾಮಾನ್ಯ ಚೀಟಿಯಲ್ಲೇ ಬರೆದರೆ 140 ಕಿಲೋ ನಷ್ಟ ಅರೆತಯಾರಿ ಮಾಲಿನಲ್ಲಿ ಕುಳಿತು ತಿಂಗಳ ಕೊನೆಗೆ ₹8,400 ಎಲ್ಲಿಂದ ಬಂತೆಂದು ಹುಡುಕಬೇಕಾಗುತ್ತದೆ. ಈ ವ್ಯತ್ಯಾಸಕ್ಕೂ ₹60 ದರವೇ. ದುಬಾರಿ ಖರೀದಿಯ ಹೊರೆ ಪ್ರೆಸ್ ಫೋರ್‌ಮನ್ ತಲೆಗೆ ಬರಬಾರದು.

ಅ. 30
ಸಿದ್ಧ ಮಾಲು ಖಾತೆ, ಡೆಬಿಟ್ ₹3,00,000
  ಅರೆತಯಾರಿ ಮಾಲು ಖಾತೆಗೆ, ಕ್ರೆಡಿಟ್ ₹3,00,000
2,000 ಬ್ರ್ಯಾಕೆಟ್ ಮುಗಿದವು.

ಮಾರಾಟವಾದ ಮಾಲಿನ ವೆಚ್ಚ ಖಾತೆ, ಡೆಬಿಟ್ ₹2,40,000
  ಸಿದ್ಧ ಮಾಲು ಖಾತೆಗೆ, ಕ್ರೆಡಿಟ್ ₹2,40,000
1,600 ಬ್ರ್ಯಾಕೆಟ್ ರವಾನೆ.

ಅ. 31
ಮಾರಾಟವಾದ ಮಾಲಿನ ವೆಚ್ಚ ಖಾತೆ, ಡೆಬಿಟ್ ₹6,700
ಕಚ್ಚಾ ಮಾಲು ದರ ಹೊಂದಾಣಿಕೆ ಖಾತೆ, ಡೆಬಿಟ್ ₹4,790.50
ಸಿದ್ಧ ಮಾಲು ದರ ಹೊಂದಾಣಿಕೆ ಖಾತೆ, ಡೆಬಿಟ್ ₹1,675
ಮಾಲಿನ ಬಳಕೆ ವ್ಯತ್ಯಾಸ ಖಾತೆ, ಡೆಬಿಟ್ ₹234.50
  ಮಾಲಿನ ಬೆಲೆ ವ್ಯತ್ಯಾಸ ಖಾತೆಗೆ, ಕ್ರೆಡಿಟ್ ₹13,400
ನಿವ್ವಳ ₹13,400, 8,000 ಕಿಲೋಗೆ ಹಂಚಿದರೆ ಕಿಲೋಗೆ ₹1.675. ಮಾರಾಟದಲ್ಲಿ 4,000 ಕಿಲೋ, ಸ್ಟೋರ್ಸಿನಲ್ಲಿ 2,860, ಸಿದ್ಧ ಮಾಲಿನಲ್ಲಿ 1,000, ಕೆಟ್ಟದ್ದು 140.

ಲಾಭ-ನಷ್ಟ ಖಾತೆ, ಡೆಬಿಟ್ ₹8,634.50
  ಮಾಲಿನ ಬಳಕೆ ವ್ಯತ್ಯಾಸ ಖಾತೆಗೆ, ಕ್ರೆಡಿಟ್ ₹8,634.50
ಡೈ ತಪ್ಪಿನಿಂದಾದ ಅಸಹಜ ನಷ್ಟ.

ಸ್ಟ್ಯಾಂಡರ್ಡ್ ವೆಚ್ಚ ನಿಜವಾದ ವೆಚ್ಚದ ಹತ್ತಿರ ಇದ್ದರೆ ಮಾತ್ರ ದಾಸ್ತಾನಿಗೆ ಅದನ್ನು ಬಳಸಲು ಲೆಕ್ಕ ಮಾನದಂಡ 2 ಒಪ್ಪುತ್ತದೆ. ಅಸಹಜ ಪೋಲನ್ನು ದಾಸ್ತಾನಿನ ವೆಚ್ಚದಲ್ಲಿ ಸೇರಿಸಲು ಒಪ್ಪುವುದಿಲ್ಲ. ಪೂರ್ತಿ ₹13,400 ಈ ತಿಂಗಳ ಲಾಭದಿಂದಲೇ ಕಳೆದಿದ್ದರೆ ಸ್ಟೋರ್ಸಿನಲ್ಲಿ ಇನ್ನೂ ಮುಟ್ಟದ ಶೀಟಿನ ಹೊರೆಯೂ ಅಕ್ಟೋಬರ್‌ಗೇ ಬೀಳುತ್ತಿತ್ತು. ಹೊಂದಾಣಿಕೆ ಖಾತೆ ಬೇರೆ ಇಟ್ಟಿರುವುದು ಸ್ಟೋರ್ಸ್ ಲೆಡ್ಜರ್ 2,860 ಕಿಲೋ, ₹1,71,600 ಎಂದೇ ಉಳಿಯಲಿ ಎಂದು. ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಎರಡನ್ನೂ ಕೂಡಿಸಿ ₹1,76,390.50 ತೋರಿಸಬೇಕು. ನವೆಂಬರ್ ಕೊನೆಯ ಹಂಚಿಕೆಯಲ್ಲಿ ಈ ₹4,790.50 ಆರಂಭದ ಶಿಲ್ಕಾಗಿ ಹೊಸ ವ್ಯತ್ಯಾಸದ ಜೊತೆ ಸೇರುತ್ತದೆ.